ಮಲ ಹರಿಯದ ಕರುಳಿನ ತುಂಡು: ಡೈವರ್ಷನ್ ಕೊಲೈಟಿಸ್ ಮತ್ತು ಬ್ಯುಟಿರೇಟಿನ ಲೆಕ್ಕ

ದೊಡ್ಡಕರುಳಿನ ಬ್ಯಾಕ್ಟೀರಿಯಾಗಳು ನಾರನ್ನು ಹುಳಿಯಿಸಿ ಬ್ಯುಟಿರೇಟಿನಂಥ ಕಿರುಸರಪಳಿ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ, ಅವು ಕರುಳಿನ ಒಳಪದರಕ್ಕೆ ಆಹಾರವಾಗುತ್ತವೆ. ಇದನ್ನು ಈಗ ಎಲ್ಲರೂ ಹೇಳುತ್ತಾರೆ. ಆದರೆ ಆ ಆಹಾರ ನಿಂತೇಹೋದರೆ ಮನುಷ್ಯನ ಕರುಳಿನಲ್ಲಿ ಏನಾಗುತ್ತದೆ ಎಂದು ನೋಡುವುದು ಸುಲಭವಲ್ಲ. ಊಟದಲ್ಲಿ ನಾರು ಕಡಿಮೆ ಮಾಡಿದರೂ ಸ್ವಲ್ಪವಾದರೂ ಕೆಳಗೆ ಇಳಿಯುತ್ತದೆ. ಆಂಟಿಬಯಾಟಿಕ್ ಕೊಟ್ಟರೆ ಬೇರೆ ನೂರು ಬದಲಾವಣೆಗಳಾಗುತ್ತವೆ, ಯಾವುದರಿಂದ ಯಾವುದಾಯಿತೆಂದು ಬಿಡಿಸಲಾಗದು. ಪೂರೈಕೆ ನಿಜಕ್ಕೂ ನಿಲ್ಲುವ ಸಂದರ್ಭವೊಂದಿದೆ. ಅದು ಶಸ್ತ್ರಚಿಕಿತ್ಸೆಯಿಂದ ಉಂಟಾಗುತ್ತದೆ.

ದೊಡ್ಡಕರುಳಿನ ಕೊನೆಯಲ್ಲಿ, ಗುದನಾಳಕ್ಕೆ ಮುಂಚೆ ಬರುವ ಸಿಗ್ಮಾಯ್ಡ್ ಭಾಗದಲ್ಲಿ ಕರುಳು ತೂತಾದಾಗ ಅಥವಾ ಗಡ್ಡೆ ಕಟ್ಟಿ ದಾರಿ ಮುಚ್ಚಿದಾಗ ಹಾರ್ಟ್‌ಮನ್ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದು, ಮೇಲಿನ ತುದಿಯನ್ನು ಹೊಟ್ಟೆಯ ಗೋಡೆಗೆ ತಂದು ಕೊಲೊಸ್ಟೊಮಿ ಮಾಡಿ, ಅಂದರೆ ಸ್ಟೋಮಾ ಎಂಬ ಬಾಯಿ ತೆರೆದು, ಅದಕ್ಕೆ ಚೀಲ ಕಟ್ಟುತ್ತಾರೆ. ಕೆಳಗೆ ಉಳಿದ ಗುದನಾಳದ ಮೇಲ್ತುದಿಯನ್ನು ಹೊಲಿದು ಅಲ್ಲೇ ಬಿಡುತ್ತಾರೆ. ಈ ತುಂಡಿಗೆ ರಕ್ತ ಬರುತ್ತದೆ, ನರಗಳಿವೆ, ಲೋಳೆ ಸುರಿಯುತ್ತದೆ. ಬಾರದೇ ಇರುವುದು ಮಲವೊಂದೇ. ಹೀಗೆ ಒಂದೇ ದೇಹದಲ್ಲಿ, ಒಂದೇ ಊಟ ಉಣ್ಣುವ ಮನುಷ್ಯನಲ್ಲಿ, ಮಲ ಹರಿಯುವ ಒಂದು ಕರುಳು ಮತ್ತು ಹರಿಯದ ಒಂದು ಕರುಳು ಅಕ್ಕಪಕ್ಕ ಉಳಿಯುತ್ತವೆ. ಇದಕ್ಕಿಂತ ಒಳ್ಳೆಯ ಹೋಲಿಕೆಯನ್ನು ಪ್ರಯೋಗಾಲಯದಲ್ಲೂ ಏರ್ಪಡಿಸುವುದು ಕಷ್ಟ.

ಕೆಲವು ತಿಂಗಳಲ್ಲಿ ಕೆಳಗಿನ ತುಂಡು ಬದಲಾಗತೊಡಗುತ್ತದೆ. ಎಂಡೋಸ್ಕೋಪ್ ಹಾಕಿ ನೋಡಿದರೆ ಒಳಪದರ ಕೆಂಪಾಗಿರುತ್ತದೆ, ಸಹಜವಾಗಿ ಕಾಣಬೇಕಾದ ಸಣ್ಣ ರಕ್ತನಾಳಗಳ ಜಾಲ ಮಾಸಿರುತ್ತದೆ, ಉಪಕರಣದ ತುದಿ ತಾಗಿದರೆ ರಕ್ತ ಒಸರುತ್ತದೆ. ಸಣ್ಣ ಹುಣ್ಣುಗಳೂ ಗಂಟುಗಂಟಾದ ಉಬ್ಬುಗಳೂ ಕಾಣಬಹುದು. ಬಯಾಪ್ಸಿಯಲ್ಲಿ ಈ ಉಬ್ಬುಗಳು ದಪ್ಪಗಾದ ಲಿಂಫಾಯ್ಡ್ ಗಂಟುಗಳು, ಅಂದರೆ ರೋಗನಿರೋಧಕ ಕೋಶಗಳ ಗುಂಪುಗಳು, ಎಂದು ತಿಳಿಯುತ್ತದೆ. ಈ ಸ್ಥಿತಿಯಲ್ಲಿ ಹೆಚ್ಚಾಗಿ ಕಾಣುವ ಗುರುತು ಅದೇ. 1981ರಲ್ಲಿ ಗ್ಲಾಟ್ಜರ್ ಮತ್ತು ಸಂಗಡಿಗರು ಇಂಥ ಹತ್ತು ರೋಗಿಗಳ ವಿವರ ಕೊಟ್ಟು ಇದಕ್ಕೆ ಡೈವರ್ಷನ್ ಕೊಲೈಟಿಸ್ ಎಂದು ಹೆಸರಿಟ್ಟರು. ಮಲ ಬೇರೆ ದಾರಿ ಹಿಡಿದ ಕರುಳಿನಲ್ಲಿ ಹುಡುಕಿದರೆ ಬಹುಪಾಲು ಜನರಲ್ಲಿ ಏನಾದರೊಂದು ಬದಲಾವಣೆ ಸಿಗುತ್ತದೆ. ತೊಂದರೆ ಅನುಭವಿಸುವವರು ಮಾತ್ರ ಕಡಿಮೆ. ಅವರಿಗೆ ಗುದದಿಂದ ಲೋಳೆ ಅಥವಾ ರಕ್ತ ಹೋಗುತ್ತದೆ, ಖಾಲಿ ಇದ್ದರೂ ಮಲ ಬಂದಂತೆ ಒತ್ತಡವಾಗುತ್ತದೆ, ಕೆಳಹೊಟ್ಟೆ ನೋಯುತ್ತದೆ.

ಕಾರಣದ ಸುಳಿವು ಬಂದದ್ದು ಬೇರೊಂದು ಕಡೆಯಿಂದ, ರೋಡಿಗರ್ ಎಂಬ ಸಂಶೋಧಕರಿಂದ. 1980ರಲ್ಲಿ ಅವರು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮನುಷ್ಯರ ದೊಡ್ಡಕರುಳಿನಿಂದ ಒಳಪದರದ ಜೀವಕೋಶಗಳನ್ನು ಬಿಡಿಸಿ, ಅವು ಏನನ್ನು ಉರಿಸಿ ಬದುಕುತ್ತವೆ ಎಂದು ಅಳೆದರು. ಗ್ಲುಕೋಸ್ ಮತ್ತು ಬ್ಯುಟಿರೇಟ್ ಎರಡನ್ನೂ ಮುಂದಿಟ್ಟಾಗ, ದೊಡ್ಡಕರುಳಿನ ಕೆಳಭಾಗದ ಕೋಶಗಳು ಬಳಸಿದ ಆಮ್ಲಜನಕದಲ್ಲಿ ಶೇಕಡಾ 70ಕ್ಕೂ ಹೆಚ್ಚು ಪಾಲು ಬ್ಯುಟಿರೇಟನ್ನು ಉರಿಸಲು ಹೋಗಿತ್ತು. ದೇಹದ ಬಹುಪಾಲು ಕೋಶಗಳು ರಕ್ತ ತಂದುಕೊಡುವ ಆಹಾರವನ್ನು ನೆಚ್ಚಿಕೊಂಡಿದ್ದರೆ, ಈ ಕೋಶಗಳು ಮುಖ್ಯವಾಗಿ ಕರುಳಿನ ಒಳಗಿನಿಂದಲೇ, ಮಲದ ಕಡೆಯಿಂದಲೇ, ಊಟ ತೆಗೆದುಕೊಳ್ಳುತ್ತವೆ.

ಆ ಊಟ ತಯಾರಾಗುವ ಬಗೆ ಹೀಗೆ. ಸಣ್ಣಕರುಳಿನಲ್ಲಿ ಜೀರ್ಣವಾಗದೆ ಉಳಿದ ನಾರು ಮತ್ತು ಪಿಷ್ಟ ದೊಡ್ಡಕರುಳಿನ ಆರಂಭಕ್ಕೆ ಬಂದು ಬೀಳುತ್ತವೆ. ಒಂದಷ್ಟು ಬ್ಯಾಕ್ಟೀರಿಯಾಗಳು ಅವನ್ನು ಒಡೆದು ಅಸಿಟೇಟ್, ಪ್ರೊಪಿಯೊನೇಟ್ ಎಂಬ ಕೊಬ್ಬಿನಾಮ್ಲಗಳನ್ನು ಬಿಡುತ್ತವೆ. ಫೀಕ್ಯಾಲಿಬ್ಯಾಕ್ಟೀರಿಯಂ, ರೋಸ್‌ಬ್ಯುರಿಯಾದಂಥವು ಆ ಅಸಿಟೇಟನ್ನೇ ಒಳಗೆಳೆದುಕೊಂಡು ಬ್ಯುಟಿರೇಟ್ ಹೊರಹಾಕುತ್ತವೆ. ಇವಕ್ಕೆ ಆಮ್ಲಜನಕ ಆಗಿಬರುವುದಿಲ್ಲ. ಈ ಮಾತನ್ನು ನೆನಪಿಡಬೇಕು, ಮುಂದೆ ಬೇಕಾಗುತ್ತದೆ. ಹಠಾತ್ತನೆ ತೀರಿಕೊಂಡ ಆರು ಮಂದಿಯ ಕರುಳು ಮತ್ತು ರಕ್ತವನ್ನು ಪರೀಕ್ಷಿಸಿ ಕಮ್ಮಿಂಗ್ಸ್ ಮತ್ತು ಸಂಗಡಿಗರು 1987ರಲ್ಲಿ ಕೊಟ್ಟ ಲೆಕ್ಕವನ್ನು ಇವತ್ತಿಗೂ ಆಧಾರವಾಗಿ ಹಿಡಿಯುತ್ತಾರೆ. ದೊಡ್ಡಕರುಳಿನ ಆರಂಭದಲ್ಲಿ ಕಿಲೋ ಒಂದಕ್ಕೆ ಸುಮಾರು 131 ಮಿಲಿಮೋಲ್ ಕಿರುಸರಪಳಿ ಕೊಬ್ಬಿನಾಮ್ಲಗಳಿದ್ದವು, ಎಡಗಡೆ ಇಳಿಯುವ ಭಾಗದಲ್ಲಿ ಸುಮಾರು 80. ಕೈಕಾಲಿಗೆಲ್ಲ ಹರಿಯುವ ರಕ್ತದಲ್ಲಿ ಇದ್ದದ್ದು ಲೀಟರಿಗೆ ಸುಮಾರು 79 ಮೈಕ್ರೋಮೋಲ್, ಅಂದರೆ ಸಾವಿರದ ಒಂದು ಪಾಲು. ಅದರಲ್ಲೂ ಹೆಚ್ಚಿನದು ಅಸಿಟೇಟ್. ಬ್ಯುಟಿರೇಟನ್ನು ಕರುಳಿನ ಗೋಡೆ ಮತ್ತು ಯಕೃತ್ತು ದಾರಿಯಲ್ಲೇ ಮುಗಿಸಿಬಿಡುತ್ತವೆ.

ಮುಚ್ಚಿದ ತುಂಡಿನ ಕಷ್ಟಕ್ಕೆ ಉತ್ತರ ಈ ಎರಡು ಸಂಖ್ಯೆಗಳಲ್ಲೇ ಇದೆ. ಮೇಲಿನ ಕರುಳಿನಲ್ಲಿ ಎಷ್ಟೇ ಬ್ಯುಟಿರೇಟ್ ತಯಾರಾದರೂ ರಕ್ತದ ಮೂಲಕ ಸುತ್ತಿ ಕೆಳಗಿನ ತುಂಡಿಗೆ ಬಂದು ಸೇರುವುದು ಏನೂ ಸಾಲದು. ಸ್ಟೋಮಾ ಇರುವವರಿಗೆ ರಾಗಿ, ಕಾಳು, ಸೊಪ್ಪು ಹೆಚ್ಚಾಗಿ ತಿನ್ನಿ, ಕೆಳಗಿನ ಉರಿಯೂತ ಇಳಿಯುತ್ತದೆ ಎಂದು ಹೇಳಿದರೆ ಅದು ನಡೆಯದ ಮಾತು. ತಿಂದ ನಾರಿನ ಫಲವೆಲ್ಲ ಸ್ಟೋಮಾದ ಚೀಲದವರೆಗೆ ಮಾತ್ರ. ಬ್ಯುಟಿರೇಟ್ ಕ್ಯಾಪ್ಸೂಲು ನುಂಗಿದರೂ ಅಷ್ಟೇ, ಅದು ಕೂಡ ಮೇಲಿನ ದಾರಿಯಲ್ಲೇ ಹೋಗುತ್ತದೆ. ಕರುಳನ್ನು ಪೂರ್ತಿ ಕತ್ತರಿಸದೆ ಕುಣಿಕೆಯಂತೆ ಹೊರತಂದು ಬಾಯಿ ತೆರೆದ ಲೂಪ್ ಸ್ಟೋಮಾ ಇದ್ದವರ ಮಾತು ಸ್ವಲ್ಪ ಬೇರೆ. ಅಲ್ಲಿ ಎರಡು ಬಾಯಿಗಳೂ ಅಕ್ಕಪಕ್ಕ ಇರುವುದರಿಂದ ಒಂದಷ್ಟು ಮಲ ಕೆಳಬಾಯಿಗೂ ಸೋರುವುದುಂಟು.

ಇನ್ನು ಈ ಕೊರತೆಯನ್ನು ತುಂಬಿ ನೋಡಿದ ಪ್ರಯೋಗ. ಅಮೆರಿಕದ ಮಿಲ್ವಾಕಿಯಲ್ಲಿ ಹ್ಯಾರಿಗ್, ಸೋರ್ಗೆಲ್, ಕೊಮೊರೋವ್ಸ್ಕಿ ಮತ್ತು ವುಡ್ ಡೈವರ್ಷನ್ ಕೊಲೈಟಿಸ್ ಇದ್ದ ನಾಲ್ಕು ರೋಗಿಗಳನ್ನು ತೆಗೆದುಕೊಂಡರು. ವರದಿ ಬಂದದ್ದು 1989ರಲ್ಲಿ. ಮುಚ್ಚಿದ ತುಂಡಿನೊಳಗೆ ಕಿರುಸರಪಳಿ ಕೊಬ್ಬಿನಾಮ್ಲಗಳು ಇಲ್ಲವೆನ್ನುವಷ್ಟು ಕಡಿಮೆ ಇದ್ದವು. ಹಾಗಾದರೆ ಇಲ್ಲದ್ದನ್ನು ಹೊರಗಿನಿಂದ ತುಂಬಿದರೆ ಏನಾಗುತ್ತದೆ ಎಂಬುದೇ ಅವರ ಪ್ರಶ್ನೆ. ದಿನಕ್ಕೆ ಎರಡು ಸಲ, ಸಲಕ್ಕೆ 60 ಮಿಲಿಲೀಟರ್ ದ್ರಾವಣವನ್ನು ಗುದದ ಮೂಲಕ ಒಳಗೆ ಬಿಟ್ಟರು. ನಾಲ್ಕರಿಂದ ಆರು ವಾರದಲ್ಲಿ ರೋಗಿಗಳ ತೊಂದರೆಯೂ ಎಂಡೋಸ್ಕೋಪಿಯಲ್ಲಿ ಕಾಣುತ್ತಿದ್ದ ಉರಿಯೂತವೂ ಇಳಿದವು.

ದ್ರಾವಣದ ಮಿಶ್ರಣವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಒಂದು ಲೀಟರಿನಲ್ಲಿ ಸೋಡಿಯಂ ಅಸಿಟೇಟ್ 60 ಮಿಲಿಮೋಲ್, ಸೋಡಿಯಂ ಪ್ರೊಪಿಯೊನೇಟ್ 30, ಸೋಡಿಯಂ ಬ್ಯುಟಿರೇಟ್ 40, ಸೋಡಿಯಂ ಕ್ಲೋರೈಡ್ 22. ತೂಕದಲ್ಲಿ ಹೇಳಿದರೆ, ನೀರಿನಂಶವಿಲ್ಲದ ಅಸಿಟೇಟ್ 4.92 ಗ್ರಾಂ, ಪ್ರೊಪಿಯೊನೇಟ್ 2.88 ಗ್ರಾಂ, ಬ್ಯುಟಿರೇಟ್ 4.40 ಗ್ರಾಂ, ಉಪ್ಪು 1.29 ಗ್ರಾಂ. ಔಷಧಿ ತಯಾರಿಸುವವರು ಎಡವುವುದು ಮೊದಲನೆಯದರಲ್ಲೇ. ಸೋಡಿಯಂ ಅಸಿಟೇಟ್ ಡಬ್ಬಿಯಲ್ಲಿ ಹೆಚ್ಚಾಗಿ ಸಿಗುವುದು ಹರಳಿನೊಳಗೆ ಮೂರು ನೀರಿನ ಅಣು ಕಟ್ಟಿಕೊಂಡ ರೂಪ. ಅದಾದರೆ 60 ಮಿಲಿಮೋಲಿಗೆ 8.16 ಗ್ರಾಂ ಬೇಕು. ಲೇಬಲ್ ನೋಡದೆ 4.92 ಗ್ರಾಂ ಹಾಕಿದರೆ ಅಸಿಟೇಟ್ ಸುಮಾರು 36 ಮಿಲಿಮೋಲಿಗೆ ಕುಸಿದು ದ್ರಾವಣ ತೆಳುವಾಗುತ್ತದೆ.

ಉಪ್ಪನ್ನು ಸೇರಿಸುವುದು ಸಾಂದ್ರತೆ ಸರಿದೂಗಿಸಲು. ನಾಲ್ಕೂ ಸೋಡಿಯಂ ಲವಣಗಳೇ ಆದ್ದರಿಂದ 60, 30, 40, 22 ಕೂಡಿದರೆ ಸೋಡಿಯಂ 152 ಮಿಲಿಮೋಲ್, ಅದಕ್ಕೆ ಜೊತೆಯಾದ ಋಣ ಅಯಾನುಗಳೂ ಅಷ್ಟೇ, ಒಟ್ಟು 304. ದ್ರಾವಣದಲ್ಲಿ ಅಯಾನುಗಳು ಪೂರ್ತಿ ಬಿಡಿಬಿಡಿಯಾಗಿ ವರ್ತಿಸುವುದಿಲ್ಲವಾದ್ದರಿಂದ 0.93ರಷ್ಟು ಹಿಡಿದರೆ ಸುಮಾರು 283 ಮಿಲಿಆಸ್ಮೋಲ್ ಆಗುತ್ತದೆ, ರಕ್ತದ ಸಾಂದ್ರತೆಗೆ ಹತ್ತಿರ. ಇದಕ್ಕಿಂತ ಬಹಳ ಹೆಚ್ಚಾದರೆ ದ್ರಾವಣವು ಗೋಡೆಯಿಂದ ನೀರೆಳೆದು ಒತ್ತಡ ತರುತ್ತದೆ, ರೋಗಿ ಅದನ್ನು ಒಳಗೆ ಹಿಡಿದಿಡಲಾರ. ಪಿಎಚ್ ಅನ್ನು 7ಕ್ಕೆ ತರುವುದೂ ಅಷ್ಟೇ ಮುಖ್ಯ. ಬ್ಯುಟಿರಿಕ್ ಆಮ್ಲದ ಪಿಕೆಎ, ಅಂದರೆ ಆಮ್ಲ ರೂಪ ಮತ್ತು ಲವಣ ರೂಪ ಸಮವಾಗಿರುವ ಪಿಎಚ್, 4.8ರ ಆಸುಪಾಸು. ಪಿಎಚ್ 7ರಲ್ಲಿ ಶೇಕಡಾ 99ಕ್ಕೂ ಹೆಚ್ಚು ಲವಣ ರೂಪದಲ್ಲೇ ಇರುತ್ತದೆ, ಹುಣ್ಣಾದ ಜಾಗಕ್ಕೆ ಉರಿ ಕಡಿಮೆ. ನಾತ ಮಾತ್ರ ಪೂರ್ತಿ ತಪ್ಪುವುದಿಲ್ಲ. ಕಮಟು ಬೆಣ್ಣೆಯ ವಾಸನೆ ಬರುವುದು ಈ ಆಮ್ಲದಿಂದಲೇ. ಉಳಿದ ಚೂರುಪಾರು ಆಮ್ಲವೂ ಮೂಗಿಗೆ ಬಡಿಯುತ್ತದೆ. ರೋಗಿಗಳು ಈ ಎನಿಮಾವನ್ನು ಅರ್ಧಕ್ಕೇ ಬಿಡಲು ಇದೂ ಒಂದು ಕಾರಣ. ಇದು ಮನೆಯಲ್ಲಿ ಕಲಸಿಕೊಳ್ಳುವ ವಸ್ತುವಲ್ಲ ಎಂಬುದು ಈ ಲೆಕ್ಕ ನೋಡಿದರೇ ಗೊತ್ತಾಗುತ್ತದೆ.

ನಾಲ್ಕು ಜನರ ಫಲಿತಾಂಶ ಕಂಡು ವಿಷಯ ಮುಗಿಯಿತು ಎಂದುಕೊಂಡವರಿದ್ದರು. ಎರಡು ವರ್ಷದ ಮೇಲೆ, 1991ರಲ್ಲಿ, ಫ್ರಾನ್ಸಿನ ಗಿಯೆಮೊ ಮತ್ತು ಸಂಗಡಿಗರು 13 ರೋಗಿಗಳಲ್ಲಿ ಇದನ್ನೇ ಪರೀಕ್ಷಿಸಿದರು. ಯಾರಿಗೆ ಕೊಬ್ಬಿನಾಮ್ಲ, ಯಾರಿಗೆ ಬರೀ ಉಪ್ಪುನೀರು ಎಂಬುದು ರೋಗಿಗೂ ವೈದ್ಯರಿಗೂ ಗೊತ್ತಿರಲಿಲ್ಲ. ಹದಿನಾಲ್ಕು ದಿನದ ಕೊನೆಗೆ ಎಂಡೋಸ್ಕೋಪಿಯಲ್ಲಾಗಲಿ ಬಯಾಪ್ಸಿಯಲ್ಲಾಗಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಯಾವುದನ್ನು ನಂಬಬೇಕು? ಎರಡೂ ಅಧ್ಯಯನಗಳು ಸಣ್ಣವು. ಮೊದಲನೆಯದಕ್ಕೆ ಕುರುಡು ಹೋಲಿಕೆಯ ಬಲವಿಲ್ಲ, ಎರಡನೆಯದಕ್ಕೆ ಕಾಲ ಸಾಲದು. ಮಿಲ್ವಾಕಿಯಲ್ಲಿ ವಾಸಿಯಾಗಲು ನಾಲ್ಕರಿಂದ ಆರು ವಾರ ಹಿಡಿದಿದ್ದರೆ ಎರಡು ವಾರಕ್ಕೆ ಫಲ ಕಾಣದಿರುವುದು ಅಚ್ಚರಿಯಲ್ಲ. ಅದಕ್ಕಿಂತ ಮುಖ್ಯವಾದದ್ದು ಪ್ರಮಾಣದ ಪ್ರಶ್ನೆ. 60 ಮಿಲಿಲೀಟರಿನಲ್ಲಿ ಬ್ಯುಟಿರೇಟ್ ಇರುವುದು 2.4 ಮಿಲಿಮೋಲ್, ಅಂದರೆ ಲವಣದ ಲೆಕ್ಕದಲ್ಲಿ ಕಾಲು ಗ್ರಾಮಿಗಿಂತ ಚೂರು ಹೆಚ್ಚು. ದಿನಕ್ಕೆ ಎರಡು ಸಲವೆಂದರೆ ಅರ್ಧ ಗ್ರಾಂ. ಸಹಜ ಕರುಳಿನಲ್ಲಿ ಮಲ ಗಂಟೆಗಟ್ಟಲೆ ಗೋಡೆಗೆ ತಾಗಿಕೊಂಡಿದ್ದು ಪೂರೈಕೆ ನಿಲ್ಲದೆ ನಡೆಯುತ್ತದೆ. ಎನಿಮಾದಲ್ಲಿ ಬಿಟ್ಟದ್ದನ್ನು ಒಳಪದರ ಬೇಗ ಹೀರಿಕೊಳ್ಳುತ್ತದೆ, ಇಲ್ಲವೇ ರೋಗಿ ಅದನ್ನು ಹಿಡಿದಿಡಲಾಗದೆ ಹೊರಹಾಕುತ್ತಾನೆ. ಉಳಿದ ಹೊತ್ತೆಲ್ಲ ಕೋಶಗಳಿಗೆ ಮತ್ತೆ ಉಪವಾಸ. ಚಿಕಿತ್ಸೆ ಫಲಿಸದಾಗ ಮೊದಲು ಕೇಳಬೇಕಾದ್ದು ದ್ರಾವಣ ಎಷ್ಟು ಹೊತ್ತು ಒಳಗೆ ನಿಂತಿತು, ತುಂಡು ಉದ್ದವಾಗಿದ್ದರೆ ಅದರ ಮೇಲ್ತುದಿಯವರೆಗೂ ಮುಟ್ಟಿತೇ ಎಂಬುದನ್ನು.

ಪ್ರಮಾಣವನ್ನು ಸರಿಪಡಿಸಿದರೂ ಇದು ಬರೀ ಹಸಿವಿನ ರೋಗವಲ್ಲ ಎಂದು ಈಚಿನ ಸಂಶೋಧನೆ ತೋರಿಸುತ್ತದೆ. ಕೋಶಗಳಿಗೆ ರಕ್ತದಿಂದ ಗ್ಲುಕೋಸ್, ಗ್ಲುಟಮಿನ್ ಬರುತ್ತಲೇ ಇರುತ್ತವೆ, ಹಾಗಾಗಿ ಅವು ಸಾಯುವುದಿಲ್ಲ. ಬಹಳಷ್ಟು ಜನ ತೊಂದರೆಯಿಲ್ಲದೆ ಇರುವುದೂ ಇದರಿಂದಲೇ ಇರಬೇಕು. ಬದಲಾಗುವುದು ಅವು ಉರಿಸುವ ರೀತಿ. ಒಂದು ಬ್ಯುಟಿರಿಕ್ ಆಮ್ಲದ ಅಣುವನ್ನು ಪೂರ್ತಿ ಉರಿಸಲು ಐದು ಆಮ್ಲಜನಕದ ಅಣುಗಳು ಬೇಕು:

C₄H₈O₂ + 5 O₂ → 4 CO₂ + 4 H₂O

ಒಳಪದರದ ಮೇಲ್ಮೈ ಕೋಶಗಳು ದಿನವಿಡೀ ಹೀಗೆ ಉರಿಸುವುದರಿಂದ ರಕ್ತ ತಂದ ಆಮ್ಲಜನಕ ಅಲ್ಲೇ ಮುಗಿದು, ಕರುಳಿನ ಒಳಜಾಗಕ್ಕೆ ಸೋರುವುದು ಬಹಳ ಕಡಿಮೆ. ಒಳಪದರದಲ್ಲಿ ಆಮ್ಲಜನಕ ಕಡಿಮೆಯಿದ್ದಾಗಲೇ ಎಚ್‌ಐಎಫ್ ಎಂಬ ಪ್ರೋಟೀನು ನಾಶವಾಗದೆ ಉಳಿದು ತಡೆಗೋಡೆಯನ್ನು ಬಿಗಿಯಾಗಿಡುತ್ತದೆ. ಬ್ಯುಟಿರೇಟ್ ಇಲ್ಲದಾಗ ಕೋಶಗಳು ಗ್ಲುಕೋಸನ್ನು ಅರೆಬರೆ ಒಡೆದು ಲ್ಯಾಕ್ಟೇಟ್ ಮಾಡಿಕೊಳ್ಳತೊಡಗುತ್ತವೆ, ಆಮ್ಲಜನಕದ ಖರ್ಚು ಇಳಿಯುತ್ತದೆ, ಉಳಿದದ್ದು ಒಳಗೆ ಸೋರುತ್ತದೆ. 2017ರಲ್ಲಿ ಬಿಂಡ್ಲಾಸ್ ಮತ್ತು ಸಂಗಡಿಗರು ಇಲಿಗಳಲ್ಲಿ ಇದನ್ನೇ ತೋರಿಸಿದರು. ಬ್ಯುಟಿರೇಟ್ ತಯಾರಿಸುವ ಬ್ಯಾಕ್ಟೀರಿಯಾಗಳು ಹೋದಮೇಲೆ ಗೋಡೆಯಿಂದ ಆಮ್ಲಜನಕವೂ ನೈಟ್ರೇಟೂ ಸೋರಿ ಇ. ಕೋಲಿಯಂಥ, ಆಮ್ಲಜನಕವನ್ನೂ ಬಳಸಬಲ್ಲ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಆಮ್ಲಜನಕ ಆಗದ ಫೀಕ್ಯಾಲಿಬ್ಯಾಕ್ಟೀರಿಯಂ ಬಳಗಕ್ಕೆ ಆ ಜಾಗ ಒಗ್ಗುವುದಿಲ್ಲ. ಮುಚ್ಚಿದ ತುಂಡುಗಳಲ್ಲಿ ಕಟ್ಟಾ ಆಮ್ಲಜನಕ ವಿರೋಧಿಗಳ ಸಂಖ್ಯೆ ಕುಗ್ಗಿರುವುದು ಇದಕ್ಕೆ ಹೊಂದುತ್ತದೆ. ಅಂದಮೇಲೆ ದಿನಕ್ಕೆ ಎರಡು ಬಾರಿ ಆಮ್ಲ ತುಂಬಿದರೆ ಊಟ ಬಂತು, ಆದರೆ ಅಡುಗೆಯವರು ಬರಲಿಲ್ಲ.

ಹುಣ್ಣಾದ ಮೇಲೆ ಇನ್ನೊಂದು ತೊಡಕಿದೆ. ಕರುಳಿನ ಒಳಪದರದಲ್ಲಿ ಬೆರಳಿನಾಕಾರದ ಆಳವಾದ ಗುಳಿಗಳಿವೆ. ಹೊಸ ಕೋಶಗಳನ್ನು ಹುಟ್ಟಿಸುವ ಕಾಂಡಕೋಶಗಳು ಆ ಗುಳಿಗಳ ತಳದಲ್ಲಿರುತ್ತವೆ. ಮೇಲ್ಮೈ ಕೋಶಗಳು ಬ್ಯುಟಿರೇಟನ್ನು ಮೇಲೆಯೇ ತಿಂದು ಮುಗಿಸುವುದರಿಂದ ತಳದವರೆಗೆ ಅದು ಇಳಿಯುವುದಿಲ್ಲ. ಇಳಿದರೆ ಕಾಂಡಕೋಶಗಳ ವಿಭಜನೆ ತಗ್ಗುತ್ತದೆ ಎಂದು 2016ರಲ್ಲಿ ಕೈಕೊ ಮತ್ತು ಸಂಗಡಿಗರು ಇಲಿಗಳಲ್ಲಿ ಕಂಡರು. ಮೇಲ್ಪದರ ಕಿತ್ತುಹೋದ ಹುಣ್ಣಿನಲ್ಲಿ ಕಾಂಡಕೋಶಗಳಿಗೆ ಈ ಕಾವಲು ಇರುವುದಿಲ್ಲ. ಮೇಲ್ಮೈಗೆ ಆಹಾರವಾದ ವಸ್ತು ಅಲ್ಲಿ ಗಾಯ ಕೂಡುವುದನ್ನು ತಡಮಾಡಬಹುದು. ಮನುಷ್ಯರ ಡೈವರ್ಷನ್ ಕೊಲೈಟಿಸ್‌ನಲ್ಲಿ ಇದು ಎಷ್ಟರಮಟ್ಟಿಗೆ ನಡೆಯುತ್ತದೆಂದು ಇಲಿಗಳಿಂದ ಹೇಳಲಾಗದು. ಆದರೆ ಹೆಚ್ಚು ಸಾಂದ್ರವಾದ ದ್ರಾವಣ ಕೊಟ್ಟರೆ ಹೆಚ್ಚು ಗುಣ ಎಂಬ ಊಹೆಯನ್ನು ಇಲ್ಲಿಗೇ ಬಿಡುವುದು ಒಳ್ಳೆಯದು.

ಮಲದಿಂದ ನೀರು ಹೀರುವ ಕೆಲಸವೂ ಈ ಆಮ್ಲಗಳಿಗೆ ಅಂಟಿಕೊಂಡಿದೆ. ಒಳಪದರ ಇವನ್ನು ಹೀರುವಾಗ ಜೊತೆಗೆ ಸೋಡಿಯಂ ಮತ್ತು ನೀರು ಒಳಬರುತ್ತವೆ. ನಮ್ಮ ನೆರೆಯ ವೆಲ್ಲೂರಿನಲ್ಲಿ ರಾಮಕೃಷ್ಣ ಮತ್ತು ಸಂಗಡಿಗರು ಇದನ್ನೇ ಕಾಲರಾಕ್ಕೆ ಬಳಸಿದರು. ಲೀಟರ್ ಓಆರ್‌ಎಸ್‌ಗೆ 50 ಗ್ರಾಂ ಸುಲಭವಾಗಿ ಜೀರ್ಣವಾಗದ ಮೆಕ್ಕೆಜೋಳದ ಪಿಷ್ಟ ಸೇರಿಸಿ ಕೊಟ್ಟಾಗ ಭೇದಿಯ ಪ್ರಮಾಣ ತಗ್ಗಿತು. ಪಿಷ್ಟ ದೊಡ್ಡಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಆಮ್ಲಗಳನ್ನಾಗಿಸಿ, ಒಳಪದರ ಆ ಆಮ್ಲಗಳನ್ನು ಹೀರುವಾಗ ಜೊತೆಗೆ ನೀರನ್ನೂ ಹೀರಿಕೊಂಡಿತು ಎಂಬುದು ಅದರ ಹಿಂದಿನ ತರ್ಕ. ವರದಿ 2000ದ್ದು. ಬಾಯಿಂದ ಕೊಟ್ಟದ್ದು ಫಲಿಸಿದ್ದು ಅಲ್ಲಿ ದಾರಿ ತೆರೆದಿತ್ತಾದ್ದರಿಂದ.

ಆಸ್ಪತ್ರೆಯಲ್ಲಿ ಹೆಚ್ಚು ತಪ್ಪಾಗುವುದು ಗುರುತಿಸುವುದರಲ್ಲಿ. ಕೆಂಪಾಗಿ ರಕ್ತ ಒಸರುವ ಗುದನಾಳ ಕಂಡರೆ ದೊಡ್ಡಕರುಳಿನ ದೀರ್ಘಕಾಲದ ಉರಿಯೂತ ರೋಗವಾದ ಅಲ್ಸರೇಟಿವ್ ಕೊಲೈಟಿಸ್ ಎಂದು ಬರೆದು ಸ್ಟೀರಾಯ್ಡ್ ಶುರು ಮಾಡುವುದು ಸುಲಭ. ಬರೀ ಕಣ್ಣಿಗೆ ಎರಡೂ ಒಂದೇ ಥರ. ಬಿಡಿಸಿ ನೋಡುವ ದಾರಿ ಅದೇ ದೇಹದಲ್ಲಿದೆ: ಸ್ಟೋಮಾದ ಮೂಲಕ ಮೇಲಿನ ಕರುಳಿಗೂ ಸ್ಕೋಪ್ ಹಾಕಿ, ಎರಡೂ ಕಡೆಯಿಂದ ಬಯಾಪ್ಸಿ ತೆಗೆಯಬೇಕು. ಮೇಲಿನದು ಸ್ವಚ್ಛವಾಗಿದ್ದು ಕೆಳಗಿನದರಲ್ಲಿ ಮಾತ್ರ ಉರಿಯೂತವಿದ್ದರೆ, ಅದರಲ್ಲೂ ಲಿಂಫಾಯ್ಡ್ ಗಂಟುಗಳು ಎದ್ದು ಕಂಡರೆ, ಡೈವರ್ಷನ್ ಕೊಲೈಟಿಸ್ ಎಂಬ ಕಡೆಗೆ ತೂಗುತ್ತದೆ. ಎರಡೂ ಕಡೆ ಕೆಟ್ಟಿದ್ದರೆ ಬೇರೆ ರೋಗ ಹುಡುಕಬೇಕು. ಶಸ್ತ್ರಚಿಕಿತ್ಸೆಗೆ ಮುಂಚೆಯೇ ಅಲ್ಸರೇಟಿವ್ ಕೊಲೈಟಿಸ್ ಅಥವಾ ಕರುಳಿನ ಇನ್ನೊಂದು ಉರಿಯೂತ ರೋಗವಾದ ಕ್ರೋನ್ಸ್ ಇದ್ದವರಲ್ಲಿ ಮಾತ್ರ ಈ ಉಪಾಯ ಕೈಕೊಡುತ್ತದೆ, ಏಕೆಂದರೆ ಹಳೆಯದೂ ಹೊಸದೂ ಒಂದರ ಮೇಲೊಂದು ಕೂತಿರುತ್ತವೆ. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್‌ನಂಥ ಸೋಂಕು ಇಲ್ಲವೆಂದು ಖಚಿತಪಡಿಸಿಕೊಳ್ಳುವುದು ಯಾವ ಸಂದರ್ಭದಲ್ಲೂ ಬಿಡುವಂಥದ್ದಲ್ಲ.

ಮಲದಲ್ಲಿ ಕೊಬ್ಬಿನಾಮ್ಲ ಅಳೆದು ಕೊಡುವ ಪರೀಕ್ಷೆಗಳೂ ಈಗ ಮಾರಾಟಕ್ಕಿವೆ. ಈ ಪ್ರಕರಣದಲ್ಲಿ ಅವುಗಳಿಂದ ಉಪಯೋಗವಿಲ್ಲ. ಚೀಲದಿಂದ ತೆಗೆದ ಮಾದರಿ ಮೇಲಿನ ಕರುಳಿನ ಕಥೆ ಹೇಳುತ್ತದೆ, ಕೆಳಗಿನದರದ್ದಲ್ಲ. ಸಹಜ ಕರುಳಿನವರಲ್ಲೂ ತಯಾರಾದ ಆಮ್ಲದಲ್ಲಿ ಶೇಕಡಾ 95ರಷ್ಟನ್ನು ಗೋಡೆ ಹೀರಿಕೊಂಡು ಉಳಿದದ್ದು ಮಾತ್ರ ಮಲದಲ್ಲಿ ಬರುತ್ತದೆ. ಅಂಕಿ ಹೆಚ್ಚು ಬಂದರೆ ತಯಾರಿಕೆ ಹೆಚ್ಚೋ, ಹೀರುವುದು ಕಡಿಮೆಯೋ, ಅದರಿಂದ ತಿಳಿಯದು.

ತೊಂದರೆ ಇಲ್ಲದವರಿಗೆ, ಸ್ಕೋಪಿನಲ್ಲಿ ಕೆಂಪು ಕಂಡರೂ, ಚಿಕಿತ್ಸೆ ಬೇಕಿಲ್ಲ. ತೊಂದರೆ ಇದ್ದು, ಕರುಳನ್ನು ಮತ್ತೆ ಜೋಡಿಸಲು ದೇಹ ತಡೆದುಕೊಳ್ಳುವಂತಿದ್ದರೆ ಅದೇ ಖಚಿತವಾದ ಪರಿಹಾರ. ಮಲ ಮತ್ತೆ ಹರಿಯತೊಡಗಿದ ಮೇಲೆ ಉರಿಯೂತ ಸಾಮಾನ್ಯವಾಗಿ ಕೆಲವೇ ತಿಂಗಳಲ್ಲಿ ಇಳಿಯುತ್ತದೆ, ಯಾಕೆಂದರೆ ಆಮ್ಲದ ಜೊತೆಗೆ ಅದನ್ನು ತಯಾರಿಸುವ ಬ್ಯಾಕ್ಟೀರಿಯಾಗಳೂ ವಾಪಸಾಗುತ್ತವೆ. ಜೋಡಿಸಲಾಗದವರಿಗೆ ಉರಿಯೂತ ತಗ್ಗಿಸುವ ಮೆಸಲಮಿನ್ ಅಥವಾ ಸ್ಟೀರಾಯ್ಡ್ ಎನಿಮಾ, ಇಲ್ಲವೇ ಕೊಬ್ಬಿನಾಮ್ಲದ ಎನಿಮಾವನ್ನು ಪ್ರಯತ್ನಿಸುತ್ತಾರೆ. ಕೊಬ್ಬಿನಾಮ್ಲವನ್ನೇ ಆರಿಸಿಕೊಂಡರೆ ಎರಡು ವಾರಕ್ಕೆ ತೀರ್ಪು ಕೊಡದೆ ಆರು ವಾರವಾದರೂ ನಡೆಸಿ ನೋಡಬೇಕು. ರೋಗಿಯ ಸ್ವಂತ ಸ್ಟೋಮಾದ ಮಲವನ್ನೇ ತೆಗೆದು ಕೆಳಗಿನ ತುಂಡಿಗೆ ಬಿಡುವ ಪ್ರಯೋಗಗಳೂ ಕೆಲವು ರೋಗಿಗಳಲ್ಲಿ ನಡೆದಿವೆ. ಪುರಾವೆ ಇನ್ನೂ ತೆಳುವಾಗಿದ್ದರೂ, ಕಾರಣದ ಲೆಕ್ಕದಲ್ಲಿ ಎನಿಮಾಕ್ಕಿಂತ ಇದೇ ಹೆಚ್ಚು ಸರಿಯಾಗಿ ಕಾಣುತ್ತದೆ. ಕ್ಯಾನ್ಸರಿಗಾಗಿಯೋ ಕೊಲೈಟಿಸಿಗಾಗಿಯೋ ಶಸ್ತ್ರಚಿಕಿತ್ಸೆಯಾಗಿ ತುಂಡು ಒಳಗೇ ಉಳಿದಿದ್ದರೆ, ಲೋಳೆ ರಕ್ತ ಇಲ್ಲದಿದ್ದರೂ ಅದಕ್ಕೆ ಆಗಾಗ ಸ್ಕೋಪ್ ಹಾಕಿ ನೋಡಬೇಕಾಗುತ್ತದೆ. ಚೀಲದ ಕಡೆಯೇ ಗಮನವಿರುವ ಕ್ಲಿನಿಕ್ಕುಗಳಲ್ಲಿ ತಪ್ಪಿಹೋಗುವುದು ಇದೇ ಪರೀಕ್ಷೆ.